ಪರೀಕ್ಷೆ ಯಾರಿಗೆ, ಕಾಲೇಜಿಗೋ ವೈದ್ಯನಿಗೋ?

ಹೊರದೇಶದಲ್ಲಿ ಓದಿ ಬಂದ ವೈದ್ಯನ ಕೈಗೆ ರೋಗಿಯನ್ನು ಒಪ್ಪಿಸಬಹುದೇ ಎಂದು ತಿಳಿಯಲು ಎರಡೇ ದಾರಿ. ಆತ ಓದಿದ ಕಾಲೇಜು ಹೇಗಿದೆ ಎಂದು ನೋಡಬೇಕು, ಇಲ್ಲವೇ ಆತನನ್ನೇ ಕೂರಿಸಿ ಪರೀಕ್ಷಿಸಬೇಕು. ಅಮೆರಿಕ ಮೊದಲನೆಯ ದಾರಿಯಲ್ಲಿ ಹೊರಟು, ಎರಡನೆಯದಕ್ಕೆ ಬದಲಾಯಿಸಿ, ಈಗ ಮತ್ತೆ ಮೊದಲನೆಯದರ ಕಡೆಗೂ ಒಂದು ಕಣ್ಣಿಟ್ಟಿದೆ. ನಮ್ಮ ಕೂಟದ ವೈದ್ಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಪರೀಕ್ಷೆಯ ಹೆಸರು ಹೇಳುತ್ತಾರೆ. ಆ ಹೆಸರಿನಿಂದಲೇ ಅವರು ಯಾವ ದಶಕದಲ್ಲಿ ಇಲ್ಲಿಗೆ ಬಂದರೆಂದು ಊಹಿಸಬಹುದು.

ಎರಡನೆಯ ಮಹಾಯುದ್ಧದ ನಂತರ ಇಲ್ಲಿ ಆಸ್ಪತ್ರೆಗಳು ಬೇಗಬೇಗ ಬೆಳೆದವು. ಅವುಗಳಿಗೆ ಬೇಕಾದಷ್ಟು ಇಂಟರ್ನ್‌ಗಳು ಅಮೆರಿಕದ ಕಾಲೇಜುಗಳಿಂದ ಬರುತ್ತಿರಲಿಲ್ಲ. ಹೊರಗಿನಿಂದ ಬಂದವರಲ್ಲಿ ಯಾರನ್ನು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ 1950ರಲ್ಲಿ ಒಂದು ಪಟ್ಟಿ ಹೊರಬಂತು. ಇಲ್ಲಿಯ ಕಾಲೇಜುಗಳಿಗೆ ಸಮ ಎನ್ನಬಹುದಾದ ವಿದೇಶಿ ಕಾಲೇಜುಗಳ ಪಟ್ಟಿ ಅದು, ಹೆಚ್ಚಿನವು ಯುರೋಪಿನವು. ಪ್ರಪಂಚದ ಕಾಲೇಜುಗಳನ್ನೆಲ್ಲ ಹೋಗಿ ನೋಡಿ ಬರುವುದು ಯಾರಿಂದಲೂ ಆಗದ ಕೆಲಸ. ಪಟ್ಟಿಯಲ್ಲಿಲ್ಲದ ಕಾಲೇಜಿನ ಬುದ್ಧಿವಂತನಿಗೆ ಬಾಗಿಲು ಮುಚ್ಚಿತ್ತು, ಪಟ್ಟಿಯಲ್ಲಿದ್ದ ಕಾಲೇಜಿನ ದಡ್ಡನಿಗೆ ತೆರೆದಿತ್ತು.

ಇದಕ್ಕೆ ಪರಿಹಾರವಾಗಿ 1956ರಲ್ಲಿ ಹುಟ್ಟಿದ ಸಂಸ್ಥೆಯೇ ಇಸಿಎಫ್‌ಎಂಜಿ. 1958ರ ಮಾರ್ಚ್‌ನಲ್ಲಿ ಅದು ಮೊದಲ ಪರೀಕ್ಷೆ ನಡೆಸಿತು. ಒಂದು ದಿನದ ಪರೀಕ್ಷೆ, ಜೊತೆಗೆ ಇಂಗ್ಲಿಷ್ ಪರೀಕ್ಷೆ. 75 ಬಂದರೆ ಪಾಸು. ಕಾಲೇಜು ಯಾವುದೇ ಇರಲಿ, ಮನುಷ್ಯನನ್ನು ನೋಡೋಣ ಎಂಬುದು ಇದರ ಹಿಂದಿನ ವಿಚಾರ. ಈ ಸರ್ಟಿಫಿಕೇಟ್ ವೈದ್ಯವೃತ್ತಿಯ ಪರವಾನಗಿ ಅಲ್ಲ, ಅಂದೂ ಅಲ್ಲ, ಇಂದೂ ಅಲ್ಲ. ಆಸ್ಪತ್ರೆಯಲ್ಲಿ ತರಬೇತಿಗೆ ಸೇರಲು ಅದು ಅರ್ಹತೆ, ಅಷ್ಟೆ. ಪರವಾನಗಿ ಕೊಡುವುದು ಆಯಾ ರಾಜ್ಯದ ಮೆಡಿಕಲ್ ಬೋರ್ಡ್. "ಹುಡುಗ ಪರೀಕ್ಷೆ ಪಾಸು ಮಾಡಿದ್ದಾನೆ, ಇನ್ನೇನು ಡಾಕ್ಟರೇ" ಎನ್ನುವ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಿ ನನಗೆ ಸಾಕಾಗಿದೆ.

1965ರ ವಲಸೆ ಕಾನೂನು ಏಷ್ಯಾದ ವೈದ್ಯರಿಗೆ ದಾರಿ ತೆರೆಯಿತು. ಆ ದಾರಿ ಕಿರಿದಾದದ್ದು 1976ರಲ್ಲಿ. ದೇಶದಲ್ಲಿ ವೈದ್ಯರ ಕೊರತೆ ಇನ್ನಿಲ್ಲ ಎಂದು ಕಾಂಗ್ರೆಸ್ ಕಾನೂನಿನಲ್ಲೇ ಬರೆಯಿತು; ವೀಸಾ ಬೇಕಾದ ವೈದ್ಯರು ಇನ್ನೂ ಕಠಿಣವಾದ ಪರೀಕ್ಷೆ ಬರೆಯಬೇಕೆಂದಿತು. ಅದಕ್ಕಾಗಿ 1977ರಲ್ಲಿ ವಿಕ್ಯೂಇ ಎಂಬ ಎರಡು ದಿನಗಳ ಪರೀಕ್ಷೆ ಬಂತು. ಆ ಕೆಲವು ವರ್ಷಗಳ ವಿಚಿತ್ರ ನೋಡಿ: ಅಮೆರಿಕದಲ್ಲಿ ಓದಿದವನಿಗೆ ಒಂದು ಪ್ರಶ್ನೆಪತ್ರಿಕೆ, ವಲಸಿಗನಾಗಿ ಆಗಲೇ ಇಲ್ಲಿರುವ ವಿದೇಶಿ ವೈದ್ಯನಿಗೆ ಹಳೆಯ ಇಸಿಎಫ್‌ಎಂಜಿ, ವೀಸಾಕ್ಕೆ ಕಾದವನಿಗೆ ವಿಕ್ಯೂಇ. ಕಾಯಿಲೆ ಮಾತ್ರ ಎಲ್ಲರ ಮುಂದೆಯೂ ಒಂದೇ. 1984ರಲ್ಲಿ ವಿದೇಶಿಯರ ಎರಡು ಪರೀಕ್ಷೆಗಳನ್ನು ಸೇರಿಸಿ ಎಫ್‌ಎಂಜಿಇಎಂಎಸ್ ಮಾಡಿದರು. ನಮ್ಮ ತಲೆಮಾರಿನವರು ಬರೆದದ್ದು ಇದನ್ನು: ಒಂದು ದಿನ ಅನಾಟಮಿ, ಫಿಸಿಯಾಲಜಿಯಂಥ ಮೂಲ ವಿಷಯಗಳು, ಇನ್ನೊಂದು ದಿನ ಕ್ಲಿನಿಕಲ್ ವಿಷಯಗಳು. ಆಮೇಲೆ ಪರವಾನಗಿಗಾಗಿ ಫ್ಲೆಕ್ಸ್ ಎಂಬ ಬೇರೆಯೇ ಪರೀಕ್ಷೆ.

ನನ್ನ ಅಭಿಪ್ರಾಯದಲ್ಲಿ ಈ ಕಥೆಯ ದೊಡ್ಡ ತಿರುವು 1992. ಆ ವರ್ಷ ಯುಎಸ್‌ಎಂಎಲ್‌ಇ ಶುರುವಾಗಿ ಇಲ್ಲಿ ಓದಿದವರೂ ನಾವೂ ಒಂದೇ ಪ್ರಶ್ನೆಪತ್ರಿಕೆಯ ಮುಂದೆ ಕೂತೆವು. ಅಲ್ಲಿಯವರೆಗೆ "ನಿಮ್ಮದು ಸುಲಭದ ಪರೀಕ್ಷೆ" ಎಂದು ಯಾರಾದರೂ ಅಂದರೆ ತೋರಿಸಲು ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಸಮನಾದ ಅಂಕ ಇರಲಿಲ್ಲ. ಬದಲಾವಣೆಯ ಮಧ್ಯದಲ್ಲಿ ಸಿಕ್ಕಿಕೊಂಡವರಿಗೆ ಹಳೆಯದು ಹೊಸದು ಬೆರೆಸಿ ಮುಗಿಸಲು ಅವಕಾಶವಿತ್ತು, ಆದರೆ 1999ರ ಕೊನೆಯೊಳಗೆ.

ಸಮಾನತೆ ಪೂರ್ತಿಯಾಗಲಿಲ್ಲ. 1998ರಲ್ಲಿ ಸಿಎಸ್‌ಎ ಎಂಬ ಪರೀಕ್ಷೆ ಬಂತು, ವಿದೇಶದಲ್ಲಿ ಓದಿದವರಿಗೆ ಮಾತ್ರ. ರೋಗಿಯಂತೆ ನಟಿಸಲು ತರಬೇತಿ ಪಡೆದವರು ಕೋಣೆಯಲ್ಲಿ ಕೂತಿರುತ್ತಾರೆ. ವೈದ್ಯ ಮಾತಾಡಿಸಿ, ಪರೀಕ್ಷಿಸಿ, ಟಿಪ್ಪಣಿ ಬರೆಯಬೇಕು. ಉದ್ದೇಶ ಸರಿಯಾದದ್ದೇ, ಗುರುತು ಹಾಕುವ ಪರೀಕ್ಷೆಯಲ್ಲಿ ರೋಗಿಯ ಮಾತು ಕೇಳುವ ಗುಣ ಕಾಣುವುದಿಲ್ಲ. ಆದರೆ ಆರಂಭದಲ್ಲಿ ಅದು ನಡೆಯುತ್ತಿದ್ದದ್ದು ಫಿಲಡೆಲ್ಫಿಯಾದಲ್ಲಿ ಮಾತ್ರ. ಹುಬ್ಬಳ್ಳಿಯ ಹುಡುಗ ಒಂದು ದಿನದ ಪರೀಕ್ಷೆಗೆ ವೀಸಾ, ವಿಮಾನ, ಮೇಲೆ ಸಾವಿರ ಡಾಲರಿಗೂ ಹೆಚ್ಚಿನ ಶುಲ್ಕ ಹೊಂದಿಸಬೇಕಿತ್ತು. 2004ರಲ್ಲಿ ಇದನ್ನೇ ಸ್ಟೆಪ್ 2 ಸಿಎಸ್ ಎಂದು ಅಮೆರಿಕದ ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಿದರು. 2016ರಲ್ಲಿ ಅವರೇ ಇದನ್ನು ನಿಲ್ಲಿಸಿ ಎಂದು ಸಹಿ ಸಂಗ್ರಹಿಸಿದರು. ದೂರು ದೊರೆಯ ಕಿವಿ ಮುಟ್ಟಬೇಕಾದರೆ ನೋವು ಮನೆಯವರಿಗೇ ಆಗಬೇಕು! ಕೋವಿಡ್ ಬಂದು 2020ರಲ್ಲಿ ನಿಂತ ಪರೀಕ್ಷೆಯನ್ನು 2021ರ ಜನವರಿಯಲ್ಲಿ ರದ್ದೇ ಮಾಡಿದರು. ಈಗ ವಿದೇಶಿ ಪದವೀಧರರು ಅದರ ಬದಲಿಗೆ 'ಪಾತ್‌ವೇ' ಎಂಬ ದಾರಿಗಳಲ್ಲಿ ಒಂದನ್ನು ಹಿಡಿದು ತಮ್ಮ ಕ್ಲಿನಿಕಲ್ ಕೌಶಲ ತೋರಿಸಬೇಕು, ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಯನ್ನೂ ಪಾಸು ಮಾಡಬೇಕು.

ಇಂದಿನ ಕ್ರಮ ತಿಳಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ಎಂಬಿಬಿಎಸ್ ಓದಿದ ಒಬ್ಬ ಹುಡುಗಿ 2022ರ ಜೂನ್‌ನಲ್ಲಿ ಸ್ಟೆಪ್ 1 ಪಾಸು ಮಾಡಿದಳು ಎನ್ನಿ. ಆ ವರ್ಷದ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕವಿಲ್ಲ, ಪಾಸು ಅಥವಾ ಫೇಲು ಮಾತ್ರ. ಹಾಗಾಗಿ ಆಯ್ಕೆ ಮಾಡುವವರ ಕಣ್ಣು ಸ್ಟೆಪ್ 2 ಸಿಕೆಯ ಅಂಕದ ಮೇಲೆ. ಒಮ್ಮೆ ಪಾಸಾದರೆ ಅಂಕ ಕಡಿಮೆಯೆಂದು ಮತ್ತೆ ಬರೆಯುವಂತಿಲ್ಲ. ಸರ್ಟಿಫಿಕೇಟಿಗೆ ಬೇಕಾದ ಪರೀಕ್ಷೆಗಳನ್ನು ಏಳು ವರ್ಷದೊಳಗೆ ಮುಗಿಸಬೇಕು. ಮದುವೆ, ಮಗು, ಅಲ್ಲಿಯೇ ಎಂಡಿ ಎಂದು 2029ರ ಜೂನ್ ದಾಟಿದರೆ ಸ್ಟೆಪ್ 1 ಲೆಕ್ಕಕ್ಕೆ ಬರುವುದಿಲ್ಲ.

ರೆಸಿಡೆನ್ಸಿಗೆ ಅರ್ಜಿ ಸೆಪ್ಟೆಂಬರ್‌ನಲ್ಲಿ, ಮ್ಯಾಚ್ ಫಲಿತಾಂಶ ಮಾರ್ಚ್‌ನಲ್ಲಿ, ಕೆಲಸ ಶುರು ಜುಲೈನಲ್ಲಿ. ಸರ್ಟಿಫಿಕೇಟಿಗೆ ಬೇಕಾದ ಪರೀಕ್ಷೆಗಳು ಆಯ್ಕೆಪಟ್ಟಿ ಸಲ್ಲಿಸುವ ಕೊನೆಯ ದಿನದೊಳಗೆ ಪಾಸಾಗಿರಬೇಕು, ಇಲ್ಲದಿದ್ದರೆ ಆ ವರ್ಷ ಕೈಬಿಟ್ಟಂತೆ. ಇನ್ನು ಪದವಿಪತ್ರದ ಪ್ರತಿ ಪರಿಶೀಲನೆಗಾಗಿ ಆಕೆಯ ಕಾಲೇಜಿಗೇ ಹೋಗುತ್ತದೆ, ಅಲ್ಲಿಯ ಅಧಿಕಾರಿ ಖಚಿತಪಡಿಸಿ ಉತ್ತರಿಸಬೇಕು. ಕಡತ ಮೇಜಿನ ಮೇಲೆ ಮಲಗಿದರೆ ತಿಂಗಳುಗಳು ಹೋಗುತ್ತವೆ. ನಮ್ಮವರಿಗೆ ಇನ್ನೊಂದು ತೊಡಕು ಇನಿಷಿಯಲ್‌ಗಳದ್ದು. ಪದವಿಪತ್ರದಲ್ಲಿ ಹೆಸರಿನ ಜೊತೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿ ಊರು, ತಂದೆಯ ಹೆಸರು. ಮದುವೆಯ ನಂತರ ಗಂಡನ ಹೆಸರು. ಕಂಪ್ಯೂಟರ್ ಕಣ್ಣಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ಮೂರೂ ಒಬ್ಬರೇ ಎಂಬ ದಾಖಲೆಯನ್ನು ಅರ್ಜಿ ಹಾಕುವ ಮೊದಲೇ ಸಿದ್ಧಮಾಡಿಕೊಂಡರೆ ಕ್ಷೇಮ.

ರೆಸಿಡೆನ್ಸಿ ಸಿಕ್ಕ ಮೇಲೂ ಎರಡು ದಿನಗಳ ಸ್ಟೆಪ್ 3 ಉಳಿದಿರುತ್ತದೆ. ಅದಾದ ಮೇಲೆ ರಾಜ್ಯದ ಬೋರ್ಡ್. ಹಲವು ರಾಜ್ಯಗಳಲ್ಲಿ ಇಲ್ಲಿ ಓದಿದವನಿಗೆ ಒಂದು ವರ್ಷದ ತರಬೇತಿ ಸಾಕು, ಹೊರಗಿನವನಿಗೆ ಎರಡೋ ಮೂರೋ ಬೇಕು. ಪ್ರಶ್ನೆಪತ್ರಿಕೆ ಒಂದಾದರೂ ಇದು ಹಾಗೆಯೇ ಉಳಿದಿದೆ.

ಕಾಲೇಜಿನ ಪ್ರಶ್ನೆ ಮತ್ತೆ ಬಂದಿರುವುದು 2024ರಿಂದ. ಅಭ್ಯರ್ಥಿ ಓದಿದ ಕಾಲೇಜಿಗೆ ಮಾನ್ಯತೆ ಕೊಟ್ಟ ಸಂಸ್ಥೆಯನ್ನು ವಿಶ್ವ ವೈದ್ಯಶಿಕ್ಷಣ ಒಕ್ಕೂಟ ಅಂಗೀಕರಿಸಿದೆಯೇ ಎಂಬುದನ್ನು ಇಸಿಎಫ್‌ಎಂಜಿ ತನ್ನ ವರದಿಯಲ್ಲಿ ನಮೂದಿಸುತ್ತದೆ. ಅಂಗೀಕಾರ ಇಲ್ಲವೆಂದ ಮಾತ್ರಕ್ಕೆ ಸರ್ಟಿಫಿಕೇಟ್ ತಪ್ಪುವುದಿಲ್ಲ, ಆದರೆ ಆಯ್ಕೆ ಮಾಡುವವರು ಆ ಸಾಲನ್ನು ಓದಬಲ್ಲರು. ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ 2023ರಲ್ಲಿ ಹತ್ತು ವರ್ಷಗಳ ಅಂಗೀಕಾರ ಸಿಕ್ಕಿತು; ಆದ್ದರಿಂದ ಕರ್ನಾಟಕದಲ್ಲಿ ಓದುವವರಿಗೆ ಸದ್ಯಕ್ಕೆ ಈ ಚಿಂತೆಯಿಲ್ಲ. ಇಲ್ಲಿ ಸೀಟು ಸಿಗದೆ ಬೇರೆ ಬೇರೆ ದೇಶಗಳ ಹೊಸ ಕಾಲೇಜುಗಳಿಗೆ ಹೊರಡುವ ನಮ್ಮ ಮಕ್ಕಳ ತಂದೆತಾಯಿಯರು ಶುಲ್ಕ ಕಟ್ಟುವ ಮುನ್ನ ಈ ಒಂದು ವಿವರವನ್ನು ನೋಡಿಕೊಳ್ಳಬೇಕು.