ಕರೆಂಟ್ ಬಿಲ್ ಓದೋದು ಹೇಗೆ? 100 ಯೂನಿಟ್ ಸ್ಲ್ಯಾಬ್ ಹೋಗಿದೆ, ಆದ್ರೆ ಬಿಲ್ ಯಾಕೆ ಇಳೀತಿಲ್ಲ?

"ನೂರು ಯೂನಿಟ್ ದಾಟಬಾರ್ದು, ದಾಟಿದ್ರೆ ಬಿಲ್ ಡಬಲ್." ಈ ಮಾತು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಕೇಳಿಸುತ್ತೆ. 2023ರಲ್ಲಿ ಅದು ನಿಜವೇ ಆಗಿತ್ತು. ಆಗ 100 ಯೂನಿಟ್‌ವರೆಗೆ ಯೂನಿಟ್‌ಗೆ 4.75 ರೂಪಾಯಿ. ನೂರು ದಾಟಿದರೆ ಮೊದಲ ಯೂನಿಟ್‌ನಿಂದಲೇ 7 ರೂಪಾಯಿ. ಅಂದರೆ 100 ಯೂನಿಟ್‌ಗೆ 475 ರೂಪಾಯಿ, 101ಕ್ಕೆ 707 ರೂಪಾಯಿ. ಒಂದೇ ಯೂನಿಟ್‌ಗೆ 232 ರೂಪಾಯಿ ವ್ಯತ್ಯಾಸ!

2024ರ ಏಪ್ರಿಲ್‌ನಿಂದ ಮನೆಗಳಿಗೆ ಈ ಸ್ಲ್ಯಾಬ್ ಇಲ್ಲ. ಎಷ್ಟೇ ಉರಿಸಿದರೂ ಒಂದೇ ದರ. ಹಾಗಾದ್ರೆ ಬಿಲ್ ಯಾಕೆ ಜಾಸ್ತಿ ಬರುತ್ತೆ? ಬಿಲ್ ಚೀಟಿಯನ್ನೇ ಮುಂದಿಟ್ಟುಕೊಂಡು ನೋಡೋಣ. ಇಲ್ಲಿರೋದು 2025-26ನೇ ಸಾಲಿನ ದರಗಳು.

ಚೀಟಿಯ ಮೇಲಿನ ಭಾಗ

ಆರ್.ಆರ್. ನಂಬರ್ ಅಂದರೆ ನಿಮ್ಮ ಮೀಟರ್ ಸಂಪರ್ಕದ ಗುರುತು. ಟ್ಯಾರಿಫ್ ಅಂದರೆ ದರದ ವರ್ಗ: ಮನೆಗೆ ಎಲ್‌ಟಿ-1, ಅಂಗಡಿಗೆ ಎಲ್‌ಟಿ-3. ಪ್ರೆಸೆಂಟ್ ರೀಡಿಂಗ್‌ನಲ್ಲಿ ಪ್ರೀವಿಯಸ್ ರೀಡಿಂಗ್ ಕಳೆದರೆ ಸಿಗೋದು ಈ ತಿಂಗಳು ಬಳಸಿದ ಯೂನಿಟ್.

ಸ್ಯಾಂಕ್ಷನ್ಡ್ ಲೋಡ್ ಅನ್ನೋದನ್ನ ಹೆಚ್ಚಿನವರು ನೋಡೋದೇ ಇಲ್ಲ. ಇದು ಮಂಜೂರಾದ ಹೊರೆ, ಅಂದರೆ ನಿಮ್ಮ ಮನೆಗೆ ಒಟ್ಟಿಗೆ ಎಷ್ಟು ಕಿಲೋವ್ಯಾಟ್ ಎಳೆಯೋಕೆ ಅನುಮತಿ ಇದೆ ಅನ್ನೋ ಲೆಕ್ಕ. ಬಿಲ್‌ನ ಗುಟ್ಟು ಇಲ್ಲೇ ಇರೋದು.

ಲೆಕ್ಕ ಹಾಕೋಣ

3 ಕಿಲೋವ್ಯಾಟ್ ಲೋಡ್ ಇರೋ ಒಂದು ಮನೆ ತಗೊಳ್ಳಿ. ತಿಂಗಳಿಗೆ 120 ಯೂನಿಟ್ ಬಳಸಿದ್ದಾರೆ, ಗೃಹಜ್ಯೋತಿ ಇಲ್ಲ ಅಂದುಕೊಳ್ಳಿ.

- ನಿಗದಿತ ಶುಲ್ಕ (ಫಿಕ್ಸೆಡ್ ಚಾರ್ಜ್): ಕಿಲೋವ್ಯಾಟ್‌ಗೆ 145 ರೂ. 3 × 145 = 435 ರೂ.
- ವಿದ್ಯುತ್ ಶುಲ್ಕ (ಎನರ್ಜಿ ಚಾರ್ಜ್): ಯೂನಿಟ್‌ಗೆ 5.80 ರೂ. 120 × 5.80 = 696 ರೂ.
- ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್: ಯೂನಿಟ್‌ಗೆ 36 ಪೈಸೆ. 43.20 ರೂ.
- ತೆರಿಗೆ: ವಿದ್ಯುತ್ ಶುಲ್ಕದ ಮೇಲೆ ಶೇ. 9. 62.64 ರೂ.

ಒಟ್ಟು 1,236.84 ರೂಪಾಯಿ. ಇದರ ಜೊತೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಅಂತ ಇನ್ನೊಂದು ಸಾಲು ಇರುತ್ತೆ. ಅದು ಯೂನಿಟ್‌ಗೆ ಇಷ್ಟು ಪೈಸೆ ಅಂತ ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ. ಹಳೇ ಬಾಕಿ, ಬಡ್ಡಿ ಇದ್ದರೆ ಅದೂ ಸೇರುತ್ತೆ.

ಈಗ ಮೊದಲ ಸಾಲು ಮತ್ತೆ ನೋಡಿ. ತಿಂಗಳಿಡೀ ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರೂ 435 ರೂಪಾಯಿ ಕಟ್ಟಲೇಬೇಕು. ಅದೇ ಲೋಡ್ 1 ಕಿಲೋವ್ಯಾಟ್ ಇದ್ದಿದ್ದರೆ 145 ರೂಪಾಯಿ ಸಾಕಿತ್ತು. ಲೈಟ್ ಆರಿಸಿದ್ರೆ ಉಳಿಯೋದು ಎರಡನೇ ಸಾಲಿನಿಂದ ಕೆಳಗಿನದು ಮಾತ್ರ. ಬಳಕೆ ನಿಜಕ್ಕೂ ಕಡಿಮೆ ಇದ್ದರೆ ಉಪವಿಭಾಗ ಕಚೇರಿಯಲ್ಲಿ ಲೋಡ್ ಇಳಿಸೋಕೆ ಅರ್ಜಿ ಹಾಕಬಹುದು. ಆದ್ರೆ 2 ಕಿಲೋವ್ಯಾಟ್ ಗೀಸರ್ ಇಟ್ಕೊಂಡು 1 ಕಿಲೋವ್ಯಾಟ್‌ಗೆ ಇಳಿಸೋಕೆ ಹೋಗ್ಬೇಡಿ. ಗೀಸರ್ ಹಾಕಿದ ದಿನವೇ ಮಿತಿ ದಾಟುತ್ತೆ, ಅದು ಮೀಟರ್‌ನಲ್ಲಿ ದಾಖಲಾಗುತ್ತೆ.

ಉಳಿದಿರೋ ಒಂದೇ ಗೆರೆ: 200

ಗೃಹಜ್ಯೋತಿ ಇರೋರಿಗೆ ಪ್ರತಿ ಮನೆಗೂ ಹಳೇ ಬಳಕೆ ನೋಡಿ ಅರ್ಹ ಯೂನಿಟ್ ನಿಗದಿ ಮಾಡಿರ್ತಾರೆ. ಅದರೊಳಗಿದ್ದರೆ ಶೂನ್ಯ ಬಿಲ್. ಅದನ್ನ ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಅದೇ 3 ಕಿಲೋವ್ಯಾಟ್ ಮನೆ 201 ಯೂನಿಟ್ ಬಳಸಿದರೆ ಸುಮಾರು 1,778 ರೂಪಾಯಿ. ಹಾಗಾಗಿ ಲೆಕ್ಕ ಇಡಬೇಕಾದ್ದು ನೂರನ್ನಲ್ಲ, ಇನ್ನೂರನ್ನ.

ಅಂಗಡಿಯವರಿಗೆ

ಎಲ್‌ಟಿ-3ರಲ್ಲಿ ಯೂನಿಟ್‌ಗೆ 7 ರೂಪಾಯಿ, ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 215 ರೂಪಾಯಿ. 2 ಕಿಲೋವ್ಯಾಟ್ ಅಂಗಡಿ ಮುಚ್ಚಿದ್ದರೂ 430 ರೂಪಾಯಿ ಬರುತ್ತೆ. ಹಳೇ ಫ್ರಿಜ್ಜು ಮಾರಿದ್ದೀರಿ, ಮಷೀನ್ ತೆಗೆದಿದ್ದೀರಿ ಅಂದ್ರೆ ಲೋಡ್ ಸಾಲು ಒಮ್ಮೆ ನೋಡಿ.

ತಪ್ಪು ಪತ್ತೆ ಹೇಗೆ?

ಬಿಲ್ ಬಂದ ದಿನವೇ ಮೀಟರ್ ಹತ್ರ ಹೋಗಿ ನಂಬರ್ ಹೋಲಿಸಿ, ಫೋಟೋ ತೆಗೆದಿಟ್ಕೊಳ್ಳಿ. ಮೀಟರ್‌ಗಿಂತ ಬಿಲ್‌ನ ರೀಡಿಂಗ್ ಜಾಸ್ತಿ ಇದ್ದರೆ ಎಲ್ಲೋ ತಪ್ಪಾಗಿದೆ. 'ಡಿಎಲ್' ಅಂತ ಇದ್ದರೆ ಡೋರ್ ಲಾಕ್, ಅಂದರೆ ಮೀಟರ್ ನೋಡದೆ ಸರಾಸರಿ ಮೇಲೆ ಹಾಕಿದ ಬಿಲ್. ಮುಂದಿನ ತಿಂಗಳು ನಿಜವಾದ ರೀಡಿಂಗ್ ತಗೊಂಡಾಗ ಆ ಮೊತ್ತ ಹೊಂದಾಣಿಕೆ ಆಯ್ತಾ ಅಂತ ನೋಡಿ. ಆಗದಿದ್ದರೆ ಎರಡೂ ಬಿಲ್, ಮೀಟರ್ ಫೋಟೋ ಹಿಡ್ಕೊಂಡು ಉಪವಿಭಾಗ ಕಚೇರಿಗೆ ಹೋಗಿ, ಇಲ್ಲವೇ 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದಿಟ್ಕೊಳ್ಳಿ.