ಆದ್ಯತಾ ಷೇರಿನ ಬಂಡವಾಳ ವೆಚ್ಚ

ಆದ್ಯತಾ ಷೇರು ನೀಡಿ ಹಣ ಎತ್ತಿದ ಕಂಪನಿಗೆ ಆ ಹಣ ವರ್ಷಕ್ಕೆ ಶೇಕಡಾ ಎಷ್ಟು ದುಬಾರಿ ಎಂಬ ಲೆಕ್ಕವೇ ಆದ್ಯತಾ ಷೇರಿನ ಬಂಡವಾಳ ವೆಚ್ಚ. ಈ ಷೇರಿನ ಡಿವಿಡೆಂಡ್ ದರ ಮೊದಲೇ ಗೊತ್ತಾಗಿರುತ್ತದೆ. ಅಸಲು ಎಂದೂ ಹಿಂದಿರುಗಿಸಬೇಕಿಲ್ಲ ಎಂದಿಟ್ಟುಕೊಂಡರೆ ಅದು ಕೊನೆಯಿಲ್ಲದ ವರ್ಷಾಶನ. ಅಂಥ ವರ್ಷಾಶನದ ಇಳುವರಿ ತಿಳಿಯಲು ವಾರ್ಷಿಕ ಡಿವಿಡೆಂಡನ್ನು ಬೆಲೆಯಿಂದ ಭಾಗಿಸಿದರೆ ಸಾಕು. ಆದರೆ ಹೂಡಿಕೆದಾರ ಕೊಟ್ಟ ಬೆಲೆಯೆಲ್ಲ ಕಂಪನಿಯ ಕೈ ಸೇರುವುದಿಲ್ಲ. ಬಿಡುಗಡೆಯ ಖರ್ಚು ಕಳೆದು ಉಳಿದದ್ದಷ್ಟೇ ಬಳಕೆಗೆ ಸಿಗುತ್ತದೆ, ಭಾಗಿಸಬೇಕಾದದ್ದು ಆ ನಿವ್ವಳ ಹಣದಿಂದ:

```
kp = D / [P × (1 − f)]
```

ಇಲ್ಲಿ D ಒಂದು ಷೇರಿನ ವಾರ್ಷಿಕ ಡಿವಿಡೆಂಡ್, P ಮಾರಿದ ಬೆಲೆ, f ಆ ಬೆಲೆಯಲ್ಲಿ ಖರ್ಚಿನ ಪಾಲು. ಡಿವಿಡೆಂಡನ್ನು ಲೆಕ್ಕ ಹಾಕುವುದು ಮುಖಬೆಲೆಯ ಮೇಲೆ, ಖರ್ಚನ್ನು ಕಳೆಯುವುದು ಮಾರಿದ ಬೆಲೆಯಲ್ಲಿ. ಇವೆರಡನ್ನು ಅದಲುಬದಲು ಮಾಡುವುದೇ ಸಾಮಾನ್ಯ ತಪ್ಪು. ನೂರು ರೂಪಾಯಿ ಮುಖಬೆಲೆಯ ಶೇ. 10ರ ಷೇರನ್ನು 110 ರೂಪಾಯಿಗೆ ಮಾರಿದರೂ ಡಿವಿಡೆಂಡ್ ಹತ್ತೇ ರೂಪಾಯಿ. ಖರ್ಚು ಶೇ. 4 ಆದರೆ ನಿವ್ವಳ 105.60 ರೂಪಾಯಿ, ವೆಚ್ಚ ಶೇ. 9.47.

ಒಂದು ಕಲ್ಪಿತ ಉದಾಹರಣೆ ನೋಡೋಣ. ಕೋಲಾರ ತಾಲ್ಲೂಕಿನ ಹೋಳೂರು ಕಡೆಯ ಟೊಮೆಟೊ ಸಂಸ್ಕರಣಾ ಕಂಪನಿಯೊಂದು ನೂರು ರೂಪಾಯಿಯ 50,000 ಆದ್ಯತಾ ಷೇರುಗಳನ್ನು ಪರಿಚಿತ ಹೂಡಿಕೆದಾರರಿಗೆ ಮುಖಬೆಲೆಗೇ ಕೊಟ್ಟು 50 ಲಕ್ಷ ರೂಪಾಯಿ ಎತ್ತುತ್ತದೆ. ಡಿವಿಡೆಂಡ್ ಶೇ. 10. ಅಧಿಕೃತ ಬಂಡವಾಳ ಹೆಚ್ಚಿಸುವ ಶುಲ್ಕ, ಮೌಲ್ಯಮಾಪಕರ ವರದಿ, ಕಂಪನಿ ಸೆಕ್ರೆಟರಿಯ ಫೀಸು, ಸ್ಟಾಂಪ್ ಶುಲ್ಕ ಎಲ್ಲ ಸೇರಿ 2 ಲಕ್ಷ ಖರ್ಚಾದರೆ ಕೈಗೆ ಬರುವುದು 48 ಲಕ್ಷ. ವರ್ಷಕ್ಕೆ ಕೊಡಬೇಕಾದದ್ದು 5 ಲಕ್ಷ. ಹಾಗಾಗಿ ವೆಚ್ಚ ಶೇ. 10.42. ಇದೇ ಕಂಪನಿ 5 ಕೋಟಿ ಎತ್ತಿದರೆ ಖರ್ಚು ಹತ್ತು ಪಟ್ಟು ಏರುವುದಿಲ್ಲ, ಫೀಸುಗಳಲ್ಲಿ ಹೆಚ್ಚಿನವು ಮೊತ್ತಕ್ಕೆ ತಕ್ಕಂತೆ ಬೆಳೆಯುವಂಥವಲ್ಲ. ಖರ್ಚು 3 ಲಕ್ಷ ಎಂದುಕೊಂಡರೆ ವೆಚ್ಚ ಶೇ. 10.06ಕ್ಕೆ ಇಳಿಯುತ್ತದೆ. ಬಿಡುಗಡೆಯ ಖರ್ಚು ನಿಜವಾಗಿ ಕಾಡುವುದು ಸಣ್ಣ ಕಂಪನಿಯನ್ನೇ.

ಸಾಲದ ಜೊತೆ ಹೋಲಿಸುವಾಗ ತೆರಿಗೆಯನ್ನು ಮರೆಯಬಾರದು. ಬಡ್ಡಿಯನ್ನು ತೆರಿಗೆಗೆ ಮುನ್ನ ಕಳೆಯಬಹುದು, ಡಿವಿಡೆಂಡನ್ನು ತೆರಿಗೆ ಕಟ್ಟಿದ ಮೇಲಿನ ಲಾಭದಿಂದಲೇ ಕೊಡಬೇಕು. ಶೇ. 25.168ರ ತೆರಿಗೆ ದರದಲ್ಲಿರುವ ಕಂಪನಿಗೆ ಶೇ. 11ರ ಬ್ಯಾಂಕ್ ಸಾಲದ ವೆಚ್ಚ ಶೇ. 8.23 ಮಾತ್ರ. ಆದ್ದರಿಂದ ಶೇ. 10.42ರಲ್ಲಿ ಮತ್ತೆ ತೆರಿಗೆ ಕಳೆಯುವುದು ತಪ್ಪು. 2020ರ ಏಪ್ರಿಲ್‌ಗೆ ಮೊದಲು ಡಿವಿಡೆಂಡ್ ವಿತರಣಾ ತೆರಿಗೆಯನ್ನೂ ಕಂಪನಿಯೇ ಭರಿಸಬೇಕಿತ್ತು. ಕೊನೆಯ ವರ್ಷದ ಶೇ. 20.56ರ ದರದಲ್ಲಿ ಇದೇ ಷೇರಿನ ವೆಚ್ಚ ಶೇ. 12.56 ಆಗುತ್ತಿತ್ತು.

ಸೂತ್ರದ ದೊಡ್ಡ ಮಿತಿ ಭಾರತದ ಕಾನೂನಿನಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 55ನೇ ಕಲಮಿನ ಪ್ರಕಾರ ವಿಮೋಚನೆಯಿಲ್ಲದ ಆದ್ಯತಾ ಷೇರು ನೀಡುವಂತಿಲ್ಲ. 20 ವರ್ಷದೊಳಗೆ ಹಣ ಮರಳಿಸಲೇಬೇಕು, ಮೂಲಸೌಕರ್ಯ ಯೋಜನೆಗಳಿಗೆ ಮಾತ್ರ 30 ವರ್ಷದವರೆಗೆ ಅವಕಾಶವಿದೆ. ಹಾಗಾದರೆ ಕೊನೆಯಿಲ್ಲದ ವರ್ಷಾಶನದ ಲೆಕ್ಕ ಎಷ್ಟು ತಪ್ಪುತ್ತದೆ? ನಮ್ಮ ಉದಾಹರಣೆಯಲ್ಲಿ ಕಂಪನಿ 96 ರೂಪಾಯಿ ಪಡೆದು ಅವಧಿ ಮುಗಿದಾಗ 100 ಮರಳಿಸುತ್ತದೆ. ಅವಧಿ 20 ವರ್ಷವಾದರೆ ನಿಜವಾದ ವೆಚ್ಚ ಶೇ. 10.49. ಸೂತ್ರ ಹೇಳಿದ 10.42ಕ್ಕೆ ಇದು ಹತ್ತಿರವೇ. ಐದೇ ವರ್ಷವಾದರೆ ವೆಚ್ಚ ಶೇ. 11.08ಕ್ಕೆ ಏರುತ್ತದೆ, ಏಕೆಂದರೆ ಕೈಗೆ ಬಾರದ ಆ ನಾಲ್ಕು ರೂಪಾಯಿಯನ್ನೂ ಬೇಗ ತುಂಬಿಕೊಡಬೇಕು. ಅವಧಿ ಕಿರಿದಾದಷ್ಟೂ ಸರಳ ಸೂತ್ರ ವೆಚ್ಚವನ್ನು ಕಡಿಮೆ ತೋರಿಸುತ್ತದೆ. ಐದು, ಏಳು ವರ್ಷದ ಷೇರಿಗೆ ಅದನ್ನು ಬಳಸಬಾರದು, ಹಣ ಬಂದು ಹೋಗುವ ವರ್ಷಗಳನ್ನು ಹಾಕಿ ಆಂತರಿಕ ಪ್ರತಿಫಲ ದರವನ್ನೇ ಕಂಡುಹಿಡಿಯಬೇಕು.

ಈ ನಿರ್ಬಂಧಕ್ಕೆ ಹೊರತಾಗಿ, ನಿಜಕ್ಕೂ ಅವಧಿಯಿಲ್ಲದ ಆದ್ಯತಾ ಷೇರು ಬ್ಯಾಂಕುಗಳಲ್ಲಿ ಕಾಣಸಿಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮಗಳು ಇದನ್ನು ಮೊದಲ ಹಂತದ ಬಂಡವಾಳವಾಗಿ ಒಪ್ಪುತ್ತವೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಇಂಥ ಷೇರುಗಳನ್ನು ಕೇಂದ್ರ ಸರ್ಕಾರಕ್ಕೆ ನೀಡಿ 1,200 ಕೋಟಿ ರೂಪಾಯಿ ಪಡೆದಿತ್ತು. ಕೊಂಡವರು ಸರ್ಕಾರವೊಂದೇ ಆದ್ದರಿಂದ ಸಾರ್ವಜನಿಕ ಬಿಡುಗಡೆಯ ಖರ್ಚು ಇರಲಿಲ್ಲ. ಡಿವಿಡೆಂಡ್ ದರ ಮಾತ್ರ ರೆಪೊ ದರಕ್ಕೆ ಕಟ್ಟಿಕೊಂಡಿತ್ತು. D ಸ್ಥಿರವಾಗಿಲ್ಲದ ಇಂಥ ಷೇರಿಗೆ ಸೂತ್ರ ಆ ವರ್ಷದ ವೆಚ್ಚವನ್ನಷ್ಟೇ ಹೇಳಬಲ್ಲದು. ಬಾಕಿ ಬಿದ್ದ ಡಿವಿಡೆಂಡ್ ಮುಂದಕ್ಕೆ ಕೂಡಿಬರುವುದಿಲ್ಲವಾದ್ದರಿಂದ ಅದೂ ಹೇಳಿದ ದರವೇ ಹೊರತು ಖಚಿತ ಪಾವತಿಯಲ್ಲ. ಅವಧಿಯಿಲ್ಲದ ಆ ಷೇರುಗಳು ಮುಂದೆ ಈಕ್ವಿಟಿಯಾಗಿ ಪರಿವರ್ತನೆಯಾದವು, ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು.