ಸಾಮಾಜಿಕ ಜಾಲತಾಣದ ಪ್ರಭಾವಿಗಳಿಗೆ ನೀಡುವ ಪ್ರಚಾರ ಸೂಚನಾ ಪತ್ರ: ಕಡ್ಡಾಯ ಹೇಳಿಕೆ, ನಿರೂಪಣಾ ಸ್ವಾತಂತ್ರ್ಯ ಹಾಗೂ ಪ್ರಾಯೋಜಕತ್ವದ ಘೋಷಣೆ

(ಸಣ್ಣ ಉದ್ದಿಮೆದಾರರು, ಸ್ವಸಹಾಯ ಸಂಘಗಳು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

1. ಹಿನ್ನೆಲೆ

ಸಾಮಾಜಿಕ ಜಾಲತಾಣಗಳಲ್ಲಿ ವೀಕ್ಷಕರನ್ನು ಹೊಂದಿರುವ, ಇನ್‌ಫ್ಲುಯೆನ್ಸರ್ ಎಂದು ಕರೆಯಲಾಗುವ ಪ್ರಭಾವಿಗಳ ಮೂಲಕ ಸಣ್ಣ ಉದ್ದಿಮೆದಾರರು ತಮ್ಮ ಉತ್ಪನ್ನಗಳ ಪ್ರಚಾರ ಕೈಗೊಳ್ಳುವುದು ಈಗ ಸಾಮಾನ್ಯವಾಗಿದೆ. ಇಂತಹ ಪ್ರಚಾರಕ್ಕೆ ಮುನ್ನ ಉದ್ದಿಮೆದಾರರು ಪ್ರಭಾವಿಗೆ ನೀಡುವ ಲಿಖಿತ ಸೂಚನೆಯನ್ನು ಬ್ರೀಫ್ ಅಥವಾ ಸೂಚನಾ ಪತ್ರ ಎನ್ನಲಾಗುತ್ತದೆ. ಏನನ್ನು ಹೇಳಲೇಬೇಕು, ಯಾವುದು ಪ್ರಭಾವಿಯ ಇಚ್ಛೆಗೆ ಬಿಟ್ಟದ್ದು, ಹಣ ಪಡೆದ ಸಂಗತಿಯನ್ನು ಹೇಗೆ ತಿಳಿಸಬೇಕು ಎಂಬ ಮೂರು ವಿಷಯಗಳು ಈ ಪತ್ರದಲ್ಲಿ ಒಂದರೊಳಗೊಂದು ಬೆರೆತುಹೋದಲ್ಲಿ ಜಾಹೀರಾತು ದಾರಿತಪ್ಪಿಸುವಂತಹದ್ದಾಗುವ ಸಂಭವವಿರುತ್ತದೆ.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಕಲಂ 21ರನ್ವಯ ದಾರಿತಪ್ಪಿಸುವ ಜಾಹೀರಾತಿಗಾಗಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಕರಿಗೆ ಹಾಗೂ ಅನುಮೋದಿಸಿದ ವ್ಯಕ್ತಿಗೆ 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದಲ್ಲಿ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಅನುಮೋದಿಸಿದ ವ್ಯಕ್ತಿಯನ್ನು ಒಂದು ವರ್ಷದವರೆಗೆ, ಪುನರಾವರ್ತನೆಯಾದಲ್ಲಿ ಮೂರು ವರ್ಷಗಳವರೆಗೆ ಯಾವುದೇ ಅನುಮೋದನೆ ನೀಡದಂತೆ ನಿರ್ಬಂಧಿಸಬಹುದಾಗಿದೆ. ಹೇಳಿಕೆಯ ಸತ್ಯಾಸತ್ಯತೆಯನ್ನು ಸೂಕ್ತ ಎಚ್ಚರಿಕೆಯಿಂದ ಪರಿಶೀಲಿಸಿದ ವ್ಯಕ್ತಿಗೆ ಈ ದಂಡದಿಂದ ರಕ್ಷಣೆ ಇರುತ್ತದೆ. ಆದುದರಿಂದ ಸೂಚನಾ ಪತ್ರವು ಉಭಯ ಪಕ್ಷಗಳಿಗೂ ದಾಖಲೆಯಾಗಿ ಒದಗುತ್ತದೆ.

2. ದೋಷಪೂರಿತ ಸೂಚನಾ ಪತ್ರದ ಮಾದರಿ

ಉದಾಹರಣೆಗೆ, ಮಹಿಳಾ ಸ್ವಸಹಾಯ ಸಂಘವೊಂದು ಮೊಳಕೆ ರಾಗಿ, ಬೆಲ್ಲ ಮತ್ತು ಏಲಕ್ಕಿಯಿಂದ ರಾಗಿ ಮಾಲ್ಟ್ ಪುಡಿಯನ್ನು ತಯಾರಿಸುತ್ತಿದೆ ಎಂದು ಭಾವಿಸಬಹುದು. ಪ್ರಯೋಗಾಲಯದ ವರದಿಯಂತೆ ಪ್ರತಿ 100 ಗ್ರಾಂ ಪುಡಿಯಲ್ಲಿ 240 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸಂಘವು ಕನ್ನಡದ ಅಡುಗೆ ವಾಹಿನಿಯೊಂದನ್ನು ನಡೆಸುವ ಮಹಿಳೆಗೆ 15,000 ರೂಪಾಯಿ ಹಾಗೂ ಎರಡು ಪೊಟ್ಟಣ ನೀಡಿ, 60 ಸೆಕೆಂಡುಗಳ ವಿಡಿಯೊ ಮಾಡಿಕೊಡಲು ಈ ಕೆಳಕಂಡಂತೆ ಬರೆದಿರುತ್ತದೆ:

"ನಮ್ಮ ಮಾಲ್ಟ್ ಕ್ಯಾಲ್ಸಿಯಂನಿಂದ ಸಮೃದ್ಧ, ಸಕ್ಕರೆ ಸೇರಿಸಿಲ್ಲ, ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎಂಬುದನ್ನು ನಿಮ್ಮದೇ ಮಾತಿನಲ್ಲಿ ಹೇಳಿ. ದಿನಾ ಬೆಳಿಗ್ಗೆ ಮಕ್ಕಳಿಗೆ ಇದನ್ನೇ ಕೊಡುತ್ತೇನೆ ಎನ್ನಿ. ಸಹಜವಾಗಿರಲಿ, ಜಾಹೀರಾತಿನಂತೆ ಕಾಣಬಾರದು."

ಇಲ್ಲಿ ಮೂರು ಬಗೆಯ ದೋಷಗಳಿವೆ. ನಿಖರವಾಗಿ ಹೇಳಬೇಕಾದ ಪೌಷ್ಟಿಕಾಂಶದ ವಿಷಯವನ್ನು "ನಿಮ್ಮದೇ ಮಾತಿನಲ್ಲಿ" ಎಂದು ಸಡಿಲ ಬಿಡಲಾಗಿದೆ. ಪ್ರಭಾವಿಯ ಸ್ವಂತ ಅನುಭವವಾಗಿರಬೇಕಾದ ಮಾತನ್ನು ಸಂಘವೇ ಬರೆದುಕೊಟ್ಟಿದೆ. ಆಕೆಯು ಮಕ್ಕಳಿಗೆ ಅದನ್ನು ಕೊಡದಿದ್ದಲ್ಲಿ ಅದು ಸುಳ್ಳು ಅನುಮೋದನೆಯಾಗುತ್ತದೆ. "ಜಾಹೀರಾತಿನಂತೆ ಕಾಣಬಾರದು" ಎಂಬ ಮಾತು ಪ್ರಾಯೋಜಕತ್ವವನ್ನು ಮರೆಮಾಡಲು ನೀಡಿದ ಸೂಚನೆಯಾಗಿ ಓದಿಕೊಳ್ಳುತ್ತದೆ.

3. ಭಾಗ ಒಂದು: ಕಡ್ಡಾಯ ಹೇಳಿಕೆಗಳು

ತಿದ್ದುಪಡಿಯ ಮೊದಲ ಹಂತದಲ್ಲಿ ಪ್ರತಿಯೊಂದು ಹೇಳಿಕೆಯನ್ನೂ ಬೇರ್ಪಡಿಸಿ, ಅದರ ಪಕ್ಕದಲ್ಲಿ ಆಧಾರವನ್ನು ಬರೆಯತಕ್ಕದ್ದು. ಆಧಾರವಿಲ್ಲದ ಹೇಳಿಕೆಯನ್ನು ಕೈಬಿಡತಕ್ಕದ್ದು. ಆಹಾರ ಪದಾರ್ಥಗಳಿಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಜಾಹೀರಾತು ಮತ್ತು ಹೇಳಿಕೆಗಳು) ವಿನಿಯಮಗಳು, 2018 ಅನ್ವಯವಾಗುತ್ತವೆ.

ಸದರಿ ವಿನಿಯಮಗಳಂತೆ ಘನ ಆಹಾರವೊಂದನ್ನು ಖನಿಜಾಂಶವೊಂದರ "ಮೂಲ" ಎನ್ನಬೇಕಾದಲ್ಲಿ 100 ಗ್ರಾಂನಲ್ಲಿ ದಿನದ ಶಿಫಾರಸು ಪ್ರಮಾಣದ ಶೇಕಡಾ 15ರಷ್ಟಾದರೂ ಇರಬೇಕು. "ಸಮೃದ್ಧ" ಎನ್ನಲು ಅದರ ಎರಡರಷ್ಟು ಇರಬೇಕು. ವಯಸ್ಕರಿಗೆ ಕ್ಯಾಲ್ಸಿಯಂನ ಶಿಫಾರಸು ಪ್ರಮಾಣ ದಿನಕ್ಕೆ 1,000 ಮಿಲಿಗ್ರಾಂ ಆಗಿರುವುದರಿಂದ ಈ ಮಿತಿಗಳು ಕ್ರಮವಾಗಿ 150 ಮತ್ತು 300 ಮಿಲಿಗ್ರಾಂ ಆಗುತ್ತವೆ. ಸಂಘದ ಪುಡಿಯಲ್ಲಿ 240 ಮಿಲಿಗ್ರಾಂ ಇರುವುದರಿಂದ "ಕ್ಯಾಲ್ಸಿಯಂನ ಮೂಲ" ಎನ್ನಬಹುದು, "ಸಮೃದ್ಧ" ಎನ್ನುವಂತಿಲ್ಲ. ನಿರೂಪಕಿಯು ಮಾತಿನ ಓಘದಲ್ಲಿ ಒಂದು ಪದವನ್ನು ಬದಲಿಸಿದರೂ ಹೇಳಿಕೆ ಮಿತಿಯನ್ನು ಮೀರುತ್ತದೆ. ಈ ಕಾರಣದಿಂದಲೇ ಕಡ್ಡಾಯ ಹೇಳಿಕೆಯ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ಬದಲಿಸತಕ್ಕದ್ದಲ್ಲ ಎಂದು ನಮೂದಿಸಬೇಕು.

ಒಂದು ಲೋಟ ಮಾಲ್ಟ್‌ಗೆ 20 ಗ್ರಾಂ ಪುಡಿ ಬಳಸಿದಲ್ಲಿ ಪುಡಿಯಿಂದ ದೊರೆಯುವ ಕ್ಯಾಲ್ಸಿಯಂ 48 ಮಿಲಿಗ್ರಾಂ ಮಾತ್ರ, ಅಂದರೆ ದಿನದ ಪ್ರಮಾಣದ ಸುಮಾರು ಶೇಕಡಾ 5. "ಒಂದು ಲೋಟ ಸಾಕು" ಎಂಬ ಅರ್ಥದ ಮಾತು ಬಾರದಂತೆ ಈ ಲೆಕ್ಕವನ್ನು ಪತ್ರದಲ್ಲಿ ತಿಳಿಸುವುದು ಸೂಕ್ತ.

"ಸಕ್ಕರೆ ಸೇರಿಸಿಲ್ಲ" ಎಂಬ ಹೇಳಿಕೆಯನ್ನು ಯಾವುದೇ ಬಗೆಯ ಸಕ್ಕರೆಯನ್ನು ಸೇರಿಸದಿದ್ದಾಗ ಮಾತ್ರ ಬಳಸಬಹುದು. ಬೆಲ್ಲವೂ ಸಕ್ಕರೆಯೇ ಆದುದರಿಂದ ಇಲ್ಲಿ ಅದನ್ನು ತೆಗೆದುಹಾಕಿ "ಬೆಲ್ಲದಿಂದ ಸಿಹಿಗೊಳಿಸಿದೆ" ಎಂದು ಬರೆಯತಕ್ಕದ್ದು. ಆಹಾರ ಪದಾರ್ಥವು ರೋಗವನ್ನು ತಡೆಯುತ್ತದೆ ಅಥವಾ ಗುಣಪಡಿಸುತ್ತದೆ ಎಂದು ಹೇಳಲು ಅವಕಾಶವಿಲ್ಲ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೆಂಬ ಮಾತಿಗೆ ಸಂಘದ ಬಳಿ ಯಾವ ಆಧಾರವೂ ಇಲ್ಲ. ಬೆಲ್ಲವಿರುವ ಪುಡಿಯನ್ನು ನಂಬಿ ಕುಡಿದ ರೋಗಿಗೆ ಹಾನಿಯೂ ಆಗಬಹುದು. ಅದನ್ನು ಸಂಪೂರ್ಣವಾಗಿ ಕೈಬಿಡತಕ್ಕದ್ದು.

4. ಭಾಗ ಎರಡು: ನಿರೂಪಣಾ ಸ್ವಾತಂತ್ರ್ಯ

ಈ ಭಾಗದಲ್ಲಿ ಪ್ರಭಾವಿಯ ನಿರ್ಧಾರಕ್ಕೆ ಬಿಟ್ಟ ವಿಷಯಗಳನ್ನು ಹೆಸರಿಸಿ ಬರೆಯಬೇಕು. "ಸಂಪೂರ್ಣ ಸ್ವಾತಂತ್ರ್ಯವಿದೆ" ಎಂಬ ಒಂದು ಸಾಲು ಸಾಲದು. ಅಂತಹ ಸಾಲಿನ ನಂತರ ಸಂಘವು ಹತ್ತು ತಿದ್ದುಪಡಿ ಕೇಳಿದಲ್ಲಿ ವಿವಾದ ಉಂಟಾಗುತ್ತದೆ. ಸದರಿ ಪ್ರಕರಣದಲ್ಲಿ ಕಥನದ ಕ್ರಮ, ಚಿತ್ರೀಕರಣದ ಸ್ಥಳ, ಆಡುಮಾತಿನ ಶೈಲಿ, ಹಾಸ್ಯ, ಸಂಗೀತ, ಮಾಲ್ಟ್ ಕಾಯಿಸುವ ವಿಧಾನ ಹಾಗೂ ರುಚಿಯ ಬಗೆಗಿನ ಅಭಿಪ್ರಾಯ ಇವೆಲ್ಲವೂ ನಿರೂಪಕಿಗೆ ಸೇರಿದವು.

ಸ್ವಾತಂತ್ರ್ಯದ ಎಲ್ಲೆಯನ್ನು ಗುರುತಿಸಲು ಒಂದು ಸರಳ ನಿಯಮವಿದೆ. ರುಚಿ, ಪರಿಮಳ ಮತ್ತು ಬಳಕೆಯ ಅನುಕೂಲದ ಬಗ್ಗೆ ಆಕೆ ತನಗೆ ಅನಿಸಿದ್ದನ್ನು ಹೇಳಬಹುದು. ದೇಹ, ಆರೋಗ್ಯ ಅಥವಾ ಮಕ್ಕಳ ಬೆಳವಣಿಗೆಯ ಮೇಲಿನ ಪರಿಣಾಮದ ಮಾತು ಬಂದೊಡನೆ ಅದು ಭಾಗ ಒಂದರ ವ್ಯಾಪ್ತಿಗೆ ಸೇರುತ್ತದೆ. "ಇದನ್ನು ಕುಡಿದ ಮೇಲೆ ಮಗಳ ಸುಸ್ತು ಹೋಯಿತು" ಎಂಬುದು ಅನುಭವದಂತೆ ಕೇಳಿಸಿದರೂ ವೀಕ್ಷಕರಿಗೆ ಆರೋಗ್ಯದ ಭರವಸೆಯಾಗಿಯೇ ತಲಪುತ್ತದೆ.

ಅನುಮೋದನೆಯು ಪ್ರಾಮಾಣಿಕ ಅಭಿಪ್ರಾಯವಾಗಿರಬೇಕಾದುದರಿಂದ ಪುಡಿಯನ್ನು ಮೊದಲೇ ಕಳುಹಿಸಿ, ಬಳಸಿ ನೋಡಲು ಕಾಲಾವಕಾಶ ನೀಡಬೇಕು. ಈ ಪ್ರಕರಣಕ್ಕೆ ಎರಡು ವಾರಗಳು ಸಾಕಾಗಬಹುದು. ರುಚಿ ಹಿಡಿಸದಿದ್ದಲ್ಲಿ ಪೊಟ್ಟಣ ಹಿಂದಿರುಗಿಸಿ ಒಪ್ಪಂದದಿಂದ ಹೊರಬರಬಹುದೆಂದು ಬರೆಯುವುದು ಉಭಯತರಿಗೂ ಹಿತ. ಸಂಘದ ಪರಿಶೀಲನೆಯು ಭಾಗ ಒಂದು ಮತ್ತು ಮೂರಕ್ಕೆ ಸೀಮಿತವೆಂದೂ, ಒಂದೇ ಸುತ್ತಿನಲ್ಲಿ ಮುಗಿಯತಕ್ಕದ್ದೆಂದೂ ನಮೂದಿಸಬೇಕು.

5. ಭಾಗ ಮೂರು: ಪ್ರಾಯೋಜಕತ್ವದ ಘೋಷಣೆ

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಂತೆ ಹಣ ಮಾತ್ರವಲ್ಲದೆ ಉಚಿತ ಉತ್ಪನ್ನ, ಉಡುಗೊರೆ, ರಿಯಾಯಿತಿ, ಪ್ರವಾಸ ಹಾಗೂ ಕೌಟುಂಬಿಕ ಅಥವಾ ಉದ್ಯೋಗದ ಸಂಬಂಧವನ್ನೂ ಬಹಿರಂಗಪಡಿಸಬೇಕಾಗುತ್ತದೆ. ಆದುದರಿಂದ 15,000 ರೂಪಾಯಿ ನೀಡದೆ ಕೇವಲ ಎರಡು ಪೊಟ್ಟಣ ಕೊಟ್ಟಿದ್ದರೂ ಘೋಷಣೆಯ ಹೊಣೆ ತಪ್ಪುತ್ತಿರಲಿಲ್ಲ. ವಿಡಿಯೊದಲ್ಲಿ ಘೋಷಣೆಯು ದೃಶ್ಯ ಮತ್ತು ಧ್ವನಿ ಎರಡರಲ್ಲಿಯೂ ಇರಬೇಕು. ನೇರಪ್ರಸಾರದಲ್ಲಿ ಉದ್ದಕ್ಕೂ ಕಾಣುತ್ತಿರಬೇಕು. ಅದನ್ನು ಹ್ಯಾಶ್‌ಟ್ಯಾಗ್‌ಗಳ ಅಥವಾ ಲಿಂಕ್‌ಗಳ ಗುಂಪಿನಲ್ಲಿ ಬೆರೆಸುವಂತಿಲ್ಲ.

ಸ್ವಯಂ ನಿಯಂತ್ರಣ ಸಂಸ್ಥೆಯಾದ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯು 2021ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಕಾಲಾವಧಿಯನ್ನೂ ನಿಗದಿಪಡಿಸಿವೆ. 15 ಸೆಕೆಂಡುಗಳವರೆಗಿನ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡು, ಅದಕ್ಕೂ ಮೇಲ್ಪಟ್ಟು 2 ನಿಮಿಷದೊಳಗಿನ ವಿಡಿಯೊದಲ್ಲಿ ಮೂರನೆಯ ಒಂದು ಭಾಗದಷ್ಟು ಕಾಲ ಘೋಷಣೆಯ ಪಟ್ಟಿ ಕಾಣಬೇಕು. ಸಂಘದ 60 ಸೆಕೆಂಡುಗಳ ವಿಡಿಯೊಗೆ ಇದು 20 ಸೆಕೆಂಡು ಆಗುತ್ತದೆ.

ವಿವರಣೆಯಲ್ಲಿ ಬರೆದ ಘೋಷಣೆಯು ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಅಳಿದುಹೋಗುತ್ತದೆ. ಚಿತ್ರದ ಮೇಲೆಯೇ ಮೂಡಿಸಿದ್ದು ಉಳಿಯುತ್ತದೆ. ವಿಡಿಯೊ ಕನ್ನಡದಲ್ಲಿರುವಾಗ ಘೋಷಣೆಯೂ ಕನ್ನಡದಲ್ಲಿರಬೇಕು. ಜಾಲತಾಣವು ಒದಗಿಸುವ ಪ್ರಾಯೋಜಿತ ಗುರುತನ್ನೂ ಇದರೊಂದಿಗೆ ಬಳಸುವುದು ಒಳಿತು.

6. ತಿದ್ದಿದ ಸೂಚನಾ ಪತ್ರದ ಮಾದರಿ

ಭಾಗ ಒಂದು: ಈ ಮಾತುಗಳನ್ನು ಬದಲಿಸದೆ ಒಮ್ಮೆ ಹೇಳತಕ್ಕದ್ದು: "ಈ ರಾಗಿ ಮಾಲ್ಟ್ ಪುಡಿ ಕ್ಯಾಲ್ಸಿಯಂನ ಮೂಲ. ಬೆಲ್ಲದಿಂದ ಸಿಹಿಗೊಳಿಸಿದೆ." ಪ್ರಯೋಗಾಲಯದ ವರದಿ ಮತ್ತು ಪೊಟ್ಟಣದ ಚೀಟಿಯ ಪ್ರತಿ ಲಗತ್ತಿಸಿದೆ. ಇತರ ಯಾವುದೇ ಆರೋಗ್ಯ ಹೇಳಿಕೆ ಬೇಡ.

ಭಾಗ ಎರಡು: ಉಳಿದ ಮಾತು, ದೃಶ್ಯ, ಕ್ರಮ ಮತ್ತು ಶೈಲಿ ನಿಮ್ಮ ನಿರ್ಧಾರ. ಎರಡು ವಾರ ಬಳಸಿ ನೋಡಿ. ನಿಮಗೆ ಅನಿಸಿದ್ದನ್ನೇ ಹೇಳಿ. ಇಷ್ಟವಾಗದಿದ್ದಲ್ಲಿ ತಿಳಿಸಿದರೆ ಒಪ್ಪಂದ ಅಲ್ಲಿಗೇ ಮುಗಿಯುತ್ತದೆ.

ಭಾಗ ಮೂರು: ಮೊದಲ ದೃಶ್ಯದಿಂದಲೇ "ಜಾಹೀರಾತು" ಎಂಬ ಪದ ಪರದೆಯ ಮೇಲ್ಭಾಗದಲ್ಲಿ ಕನಿಷ್ಠ 20 ಸೆಕೆಂಡು ಕಾಣಲಿ. ಆರಂಭದಲ್ಲಿ ಹೀಗೆ ಹೇಳಿ: "ಇದು ಜಾಹೀರಾತು. ಈ ವಿಡಿಯೊಗಾಗಿ ಸಂಘದಿಂದ ಹಣ ಪಡೆದಿದ್ದೇನೆ." ವಿವರಣೆಯ ಮೊದಲ ಸಾಲಿನಲ್ಲಿಯೂ "ಜಾಹೀರಾತು" ಎಂದು ಬರೆಯಿರಿ. ಈ ಭಾಗವನ್ನು ಯಾರ ಕೋರಿಕೆಯ ಮೇಲೂ ಸಡಿಲಿಸುವಂತಿಲ್ಲ.

7. ಪ್ರಕಟಣೆಯ ಪೂರ್ವ ಹಾಗೂ ನಂತರದ ಪರಿಶೀಲನೆ

ವಿಡಿಯೊವನ್ನು ಮೊದಲು ಧ್ವನಿಯಿಲ್ಲದೆ ನೋಡಿ, ಬಳಿಕ ಪರದೆಯನ್ನು ನೋಡದೆ ಕೇಳಿ ಪರೀಕ್ಷಿಸಬಹುದು. ಎರಡು ಬಾರಿಯೂ ಅದು ಜಾಹೀರಾತೆಂದು ತಿಳಿಯದಿದ್ದಲ್ಲಿ ಭಾಗ ಮೂರು ಪಾಲನೆಯಾಗಿಲ್ಲವೆಂದು ಅರ್ಥ. ತರುವಾಯ ಸಂಘಕ್ಕೆ ಸಂಬಂಧಿಸದ ಒಬ್ಬರಿಗೆ ತೋರಿಸಿ, "ಇದರಿಂದ ಏನು ಪ್ರಯೋಜನ ಎಂದು ತಿಳಿದುಬಂತು?" ಎಂದು ಕೇಳಬೇಕು. ಉತ್ತರದಲ್ಲಿ ಭಾಗ ಒಂದರಲ್ಲಿಲ್ಲದ ಪ್ರಯೋಜನ ಬಂದಲ್ಲಿ ವಿಡಿಯೊದ ಯಾವುದೋ ಮಾತು ಅಥವಾ ದೃಶ್ಯ ಅದನ್ನು ಸೂಚಿಸುತ್ತಿದೆ ಎಂದು ತಿಳಿದು ಅಷ್ಟನ್ನು ಮಾತ್ರ ಸರಿಪಡಿಸತಕ್ಕದ್ದು.

ವೀಕ್ಷಕರ ಪ್ರಶ್ನೆಗಳಿಗೆ ನೀಡುವ ಉತ್ತರವೂ ಪ್ರಚಾರದ ಭಾಗವೇ ಆಗಿದೆ. ಸಕ್ಕರೆ ಕಾಯಿಲೆಯವರು ಕುಡಿಯಬಹುದೇ ಎಂದು ಯಾರಾದರೂ ಕೇಳುವುದು ಬಹುತೇಕ ಖಚಿತ. "ಇದರಲ್ಲಿ ಬೆಲ್ಲವಿದೆ, ನಿಮ್ಮ ವೈದ್ಯರನ್ನು ಕೇಳಿ" ಎಂಬ ಉತ್ತರವನ್ನು ಸೂಚನಾ ಪತ್ರದೊಂದಿಗೇ ಬರೆದುಕೊಡುವುದು ಸೂಕ್ತ.

ಸೂಚನೆ: ಇಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಯಾವುದೇ ಸಂದೇಹವಿದ್ದಲ್ಲಿ ಅಧಿನಿಯಮ ಮತ್ತು ವಿನಿಯಮಗಳ ಮೂಲ ಪಠ್ಯವೇ ಅಂತಿಮವಾಗಿರುತ್ತದೆ.